ಕಾಲೊರಸಿನ ಚೀಟಿಯ ಮೂರನೇ ಸಾಲು

ನನ್ನ ಮೈದುನ ಅರಸೀಕೆರೆಯಿಂದ ಕಣಕಟ್ಟೆಗೆ ಹೋಗುವ ದಾರಿಯಲ್ಲಿ ಒಂದು ಶೆಡ್ಡು ಹಾಕಿ ತೆಂಗಿನ ನಾರಿನ ಕಾಲೊರಸು ಮಾಡಿಸುತ್ತಿದ್ದ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿದ್ದಿರಬೇಕು, ಬೆಂಗಳೂರಿನ ಒಂದು ಅಂಗಡಿಯವರು ಅವನ್ನು ತಮ್ಮ ಹೆಸರಿನಲ್ಲಿ ಮಾರಲು ಒಪ್ಪಿದರು. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಬೇಕು, ಅದರ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಇರಬೇಕು. ಮನೆಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ. ಕೆಲಸ ನನಗೆ ಬಂತು.

ಒಲೆಯ ಮೇಲೆ ಸಾರು ಕುದಿಯುತ್ತಿದ್ದಾಗ ಬರೆದು ಮುಗಿಸಿದೆ. ಪ್ರಕೃತಿಯ ಕೊಡುಗೆ, ಪರಿಸರ ಸ್ನೇಹಿ, ಹಸಿರು ನಾಳೆಗಾಗಿ ಅಂತ. ಓದಿಕೊಂಡು ನನಗೇ ಹೆಮ್ಮೆಯಾಯಿತು. ಕಳಿಸಿದ್ದನ್ನು ಓದಿ ಬೆಂಗಳೂರಿನ ಅಂಗಡಿಯಾಕೆ ಫೋನು ಮಾಡಿದರು.

"ಮೇಡಂ, ಈ ಮಾತು ಯಾರು ಬೇಕಾದ್ರೂ ಬರೀಬಹುದು. ನೀವು ಏನು ಮಾಡಿದೀರಿ ಅದನ್ನ ಮಾತ್ರ ಬರೀರಿ. ಮಾಡದೇ ಇರೋದಿದ್ರೆ ಅದನ್ನೂ ಬರೀರಿ."

ಮಾರನೆಯ ದಿನ ಬಸ್ಸು ಹತ್ತಿ ಶೆಡ್ಡಿಗೆ ಹೋದೆ. ತೆಂಗಿನ ಸಿಪ್ಪೆಯನ್ನು ಸಿಮೆಂಟು ತೊಟ್ಟಿಗಳಲ್ಲಿ ಕೆಲವು ದಿನ ನೆನೆಸಿ, ಮೆತ್ತಗಾದ ಮೇಲೆ ಯಂತ್ರಕ್ಕೆ ಕೊಟ್ಟು ನಾರು ಬಿಡಿಸುತ್ತಿದ್ದರು. ತೊಟ್ಟಿಯ ನೀರು ಹೆಚ್ಚು ಕುದಿಸಿದ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು, ಮೂಗು ಮುಚ್ಚಿಕೊಳ್ಳುವ ವಾಸನೆ. ಸಿಪ್ಪೆ ಮಗುಚುತ್ತಿದ್ದ ಹೆಂಗಸಿನ ಕೈ ಮೊಣಕೈವರೆಗೂ ಅದೇ ಬಣ್ಣ. ಆದರೂ ಊಟಕ್ಕೆ ಕೂತಾಗ ಅವಳ ಹಸಿರು ಬಳೆಗಳು ಮಾತ್ರ ಹೊಳೆಯುತ್ತಿದ್ದವು. ಕೆಲಸಕ್ಕೆ ಇಳಿಯುವಾಗ ತೆಗೆದು ಸೆರಗಿಗೆ ಗಂಟು ಹಾಕಿ, ಊಟದ ಹೊತ್ತಿಗೆ ತೊಟ್ಟುಕೊಳ್ಳುತ್ತಿದ್ದಳು.

"ಈ ನೀರು ಎಲ್ಲಿಗೆ ಹೋಗತ್ತೆ?" ಎಂದು ಮೈದುನನನ್ನು ಕೇಳಿದೆ.

"ಹಿಂದ್ಗಡೆ ಗುಂಡಿಗೆ ಅತ್ತಿಗೆ. ಕೆರೆಗೆ ಒಂದು ಹನೀನೂ ಬಿಡಲ್ಲ."

ಗುಂಡಿ ನೋಡಲು ಹೋಗಲಿಲ್ಲ. ದಾರಿಯಲ್ಲಿ ಕೆಸರಿತ್ತು, ನನ್ನ ಚಪ್ಪಲಿ ಹೊಸದು.

ಚೀಟಿ ಹೀಗಾಯಿತು: ನಾರು ಅರಸೀಕೆರೆ ಸುತ್ತಿನ ತೋಟಗಳ ಸಿಪ್ಪೆಯದು. ಬಣ್ಣ ಹಾಕಿಲ್ಲ. ಸಿಪ್ಪೆ ನೆನೆಸಿದ ನೀರನ್ನು ಕೆರೆಗೆ ಬಿಡುವುದಿಲ್ಲ. ಯಂತ್ರ ಡೀಸೆಲ್ಲಿನಲ್ಲಿ ಓಡುತ್ತದೆ, ಅದನ್ನು ಇನ್ನೂ ಬದಲಿಸಿಲ್ಲ. ಅಂಗಡಿಯಾಕೆ ಒಂದಕ್ಷರವನ್ನೂ ತಿದ್ದಲಿಲ್ಲ.

ಕೆಲವು ತಿಂಗಳ ಮೇಲೆ ಹೊಸ ಚೀಟಿಗಳ ಕಟ್ಟು ಕೊಡಲು ಹೋದಾಗ, ಆ ಹೆಂಗಸು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಇದ್ರಾಗೆ ಏನ್ ಬರ್ದೈತೆ ಅಮ್ಮಾರೆ?"

ಓದಿ ಹೇಳಿದೆ. ಮೂರನೇ ಸಾಲಿಗೆ ಬಂದಾಗ ಅವಳು ನಕ್ಕಳು.

"ಆ ಗುಂಡಿ ತುಂಬಿ ತಿಂಗ್ಳಾತು ಕಣಮ್ಮಾರೆ. ಆರ್ಡರ್ ಜಾಸ್ತಿ ಆದ್ಮ್ಯಾಕೆ ಪೈಪು ಹಳ್ಳಕ್ಕೆ ತಿರುಗ್ಸವ್ರೆ. ಹಳ್ಳ ಕೆರೆಗೇ ಅಲ್ವಾ ಹೋಗಾದು? ನಮ್ ಹಸ ಮೂಸಿ ನೋಡಿ ವಾಪಸ್ ಬತ್ತದೆ. ನಿಮ್ ಚೀಟಿ ಅದಕ್ಕೊಸಿ ಓದಿ ಹೇಳಿ, ಕುಡುದ್ರೂ ಕುಡೀಬೋದು."

ಈ ಸಲ ಚಪ್ಪಲಿ ಬಿಟ್ಟು ಕೆಸರಿನಲ್ಲೇ ನಡೆದೆ. ಅವಳು ಹೇಳಿದಂತೆಯೇ ಇತ್ತು. ಹಳ್ಳದಂಚಿನ ಕಲ್ಲುಗಳೆಲ್ಲ ಅವಳ ಕೈಯ ಬಣ್ಣಕ್ಕೆ ತಿರುಗಿದ್ದವು.

ಮನೆಗೆ ಬಂದು ಅಂಗಡಿಯಾಕೆಗೆ ಫೋನು ಮಾಡಿ, ಮೂರನೇ ಸಾಲು ಸುಳ್ಳು ಎಂದೆ. ಆಕೆ ಮಾಲು ನಿಲ್ಲಿಸಿದರು. ಸಂಜೆ ಮೈದುನ ಬಂದ. ನಡುಮನೆಯ ಹೊಸಿಲಿನಲ್ಲೇ ನಿಂತು ಕೇಳಿದ.

"ನಿಮಗೆ ಯಾರು ಹೇಳಿದ್ದು ಅತ್ತಿಗೆ?"

ನಾನೇ ನೋಡಿದೆ ಎಂದಿದ್ದರೆ ಸಾಕಿತ್ತು. ಅದೂ ನಿಜವೇ ಆಗಿತ್ತು. ಆದರೆ ಕೇಳಿದ್ದಕ್ಕೆ ಕೇಳಿದಷ್ಟನ್ನೂ ಹೇಳಬೇಕೆಂದು ಚಿಕ್ಕಂದಿನಿಂದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಸಿಪ್ಪೆ ಮಗುಚುವವಳು ಎಂದು ಹೇಳಿಬಿಟ್ಟೆ.

ಹದಿನೈದು ದಿನಕ್ಕೆ ದೊಡ್ಡದೊಂದು ಗುಂಡಿ ತೋಡಿಸಿದ. ಪೈಪು ತಿರುಗಿಸಿದ. ನಾನೇ ಹೋಗಿ ಬಗ್ಗಿ ನೋಡಿದ ಮೇಲೆ ಬರೆದೆ: ಸಿಪ್ಪೆ ನೆನೆಸಿದ ನೀರು ಸುಮಾರು ಒಂದೂವರೆ ತಿಂಗಳು ಕೆರೆಯ ಹಳ್ಳಕ್ಕೆ ಹೋಗಿದೆ. ಈಗ ಹೊಸ ಗುಂಡಿ ತೋಡಿ ಅದಕ್ಕೆ ಬಿಡುತ್ತಿದ್ದೇವೆ. ಆ ದಿನ ತೊಟ್ಟಿಯ ಹತ್ತಿರ ಅವಳಿರಲಿಲ್ಲ, ಬೇರೆ ಯಾರೋ ಸಿಪ್ಪೆ ಮಗುಚುತ್ತಿದ್ದರು.

ಅಂಗಡಿಯಾಕೆಗೆ ಬಹಳ ಸಂತೋಷವಾಯಿತು. ಇಷ್ಟು ನೇರವಾದ ಚೀಟಿ ನಮ್ಮಲ್ಲಿ ಇನ್ನೊಂದಿಲ್ಲ ಎಂದರು. ಇನ್ನೊಂದು ಸಾಲು ಸೇರಿಸಬಹುದೇ ಎಂದು ಕೇಳಿದೆ: ಇದನ್ನು ತಿಳಿಸಿದವಳನ್ನು ಕೆಲಸದಿಂದ ಬಿಡಿಸಿದ್ದೇವೆ.



"ಅದು ಕಾಲೊರಸಿನ ವಿಷಯ ಅಲ್ವಲ್ಲ, ಮೇಡಂ."

ನಾನು ವಾದ ಮಾಡಲಿಲ್ಲ. ಮೈದುನನ ಹತ್ತಿರವೂ ಮಾಡಲಿಲ್ಲ. ಹಬ್ಬಕ್ಕೆ ಬಂದಾಗ ಅವನ ಎಲೆಗೆ ಎರಡನೇ ಸಲ ಪಾಯಸ ಬಡಿಸಿದೆ.

ಆಮೇಲೊಮ್ಮೆ ಆ ಹೆಂಗಸು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಬುತ್ತಿ ಹಿಡಿದು ದೂರದ ಕೂಲಿಗೆ ಹೊರಟಿದ್ದಳು. ತೊಟ್ಟಿಯ ಬಣ್ಣ ಹೋಗಿ ಕೈ ಬಿಳಿಚಿಕೊಂಡು ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು.

"ಹಸ ನೀರು ಕುಡೀತೈತೆ ಅಮ್ಮಾರೆ," ಎಂದಳು. ಬಸ್ಸು ಬಂತು. ಹತ್ತುವಾಗ ತಿರುಗಿ, "ಅದ್ನೂ ಚೀಟ್ಯಾಗೆ ಬರ್ಕಳಿ," ಎಂದಳು.