ಬರಿ ಯಾವುದೆಂದು ಕೇಳಿದ ಮೇಲೆ

ಮದುವೆಯ ಆ್ಯಪ್‌ನಲ್ಲಿ ಅವನ ಪರಿಚಯವಾದಾಗ ನನಗೆ ಮೂವತ್ತೆರಡು. ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ, ಹೆಜಮಾಡಿಯಿಂದ ದಿನಾ ಬಸ್ಸು. ಮನೆಯಲ್ಲಿ ಅಮ್ಮ ಮತ್ತು ನಾನು. ಅಮ್ಮ ಕಾರ್ಕಳದಲ್ಲಿ ಮೀನು ಮಾರುತ್ತಿದ್ದಳು.

ಮಧ್ಯಾಹ್ನ ತಪ್ಪದೆ ಅವನ ಫೋನು ಬರುತ್ತಿತ್ತು. ಕೆಲಸ ಕೇಳಿದರೆ ‘ಬಿಸಿನೆಸ್’, ಮನೆ ಕೇಳಿದರೆ ‘ಕಾರ್ಕಳದ ಕಡೆ’. ಮೊದಲ ತಿಂಗಳು ನನಗದು ತಪ್ಪೆನಿಸಲಿಲ್ಲ. ನಾನೂ ಲ್ಯಾಬಿನ ಹೆಸರು ಹೇಳಿರಲಿಲ್ಲ. ಗುರುತಿಲ್ಲದವರ ಹತ್ತಿರ ಅಷ್ಟು ಜಾಗ್ರತೆ ಬೇಕೇ ಬೇಕು.

ಆಮೇಲೆ ನಾನು ನನ್ನದನ್ನೆಲ್ಲ ಹೇಳಿದೆ. ಅವನು ಹೇಳಲಿಲ್ಲ. ಬಿಸಿನೆಸ್ ಒಮ್ಮೆ ಶಿಪ್ಪಿಂಗ್ ಆಯಿತು, ಇನ್ನೊಮ್ಮೆ ಗೆಳೆಯನ ಹೋಟೆಲಿನಲ್ಲಿ ಪಾಲು. ತಾಯಿ ಮುಂಬೈಯಲ್ಲಿದ್ದಾಳೆ ಎಂದವನು ವಾರದೊಳಗೆ ಅವಳನ್ನು ಕಾರ್ಕಳದ ಡಾಕ್ಟರರಿಗೆ ತೋರಿಸಿ ಬಂದೆ ಎಂದ. ಸುಳ್ಳೆಂದು ನನಗೆ ಗೊತ್ತಾಗದೆ ಇರಲಿಲ್ಲ. ಕೇಳಿದರೆ ಈ ಸಂಬಂಧವೂ ತಪ್ಪಿಹೋದೀತೆಂದು ಸುಮ್ಮನಿದ್ದೆ.

“ಅವನ ಬರಿ ಎಂತದಂತೆ?” ಎಂದು ಅಮ್ಮನೇ ಒಂದು ದಿನ ಕೇಳಿದಳು. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರು. ಒಂದೇ ಬರಿಯವರು ಅಣ್ಣ ತಂಗಿಯರ ಲೆಕ್ಕ, ಮದುವೆಯಾಗುವ ಹಾಗಿಲ್ಲ. ನಮ್ಮಲ್ಲಿ ಸಣ್ಣ ಮಕ್ಕಳೂ ತಮ್ಮದನ್ನು ತಡವರಿಸದೆ ಹೇಳುತ್ತವೆ. ಅವನೂ ನಮ್ಮ ಜಾತಿಯವನೆಂದೇ ಹೇಳಿಕೊಂಡಿದ್ದ.

ಮರುದಿನ ಕೇಳಿದೆ. ಅವನು ಫೋನಿನಲ್ಲೇ ನಕ್ಕ.

“ಅದೆಲ್ಲ ಹಳೇ ಕಾಲದ್ದು ಮಾರಾಯ್ತಿ.”

“ಹಳೆಯದೇ ಇರಲಿ. ನಿಮ್ಮದು ಎಂತ?”

“ನಂಬಿಕೆ ಇಲ್ಲ ಅಲ್ವಾ ನಿನಗೆ? ಭಾನುವಾರ ಕಾಪು ಬೀಚಿಗೆ ಒಬ್ಬಳೇ ಬಾ. ಕಾರಲ್ಲಿ ಎಲ್ಲಾದರೂ ಹೋಗಿ ಮಾತಾಡುವ. ಮನೆಯಲ್ಲಿ ಹೇಳಬೇಡ.”



“ಬೀಚಿಗೆ ಬರುವುದಿಲ್ಲ. ಹನ್ನೊಂದು ಗಂಟೆಗೆ ಉಡುಪಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಸಿಗುವ. ಅಮ್ಮ ಬರ್ತಾರೆ, ನಿಮ್ಮ ಕಡೆಯಿಂದಲೂ ಯಾರಾದರೂ ಬರಲಿ. ಅದಕ್ಕೆ ಮೊದಲು ಮನೆ ಎಲ್ಲಿ ಅಂತ ಹೇಳಿ.”

“ಇದೆಂತ, ಪೊಲೀಸ್ ವಿಚಾರಣೆಯಾ?”

“ಮದುವೆ ಅಂದ ಮೇಲೆ ವಿಚಾರಿಸದೆ ಆಗ್ತದಾ?”

ಸಿಟ್ಟಿನಲ್ಲೇ ಕಾರ್ಕಳ ಪೇಟೆಯ ಒಂದು ಓಣಿಯ ಹೆಸರು ಹೇಳಿದ. ಅವನಿಗೆ ಗೊತ್ತಿರಲಿಲ್ಲ, ಅಮ್ಮ ಬುಟ್ಟಿ ಹೊತ್ತು ಹತ್ತು ವರ್ಷ ತಿರುಗಿದ ಓಣಿ ಅದು. ಮರುದಿನ ಅಮ್ಮ ನನ್ನಿಂದ ಅವನ ಫೋಟೋ ತೆಗೆದುಕೊಂಡು ಹೋದಳು. ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದಳು: “ಹನ್ನೆರಡು ಮನೆ ಉಂಟು ಅಲ್ಲಿ. ಈ ಮುಖ ಒಬ್ಬರೂ ನೋಡಿಲ್ಲ.”

ಆದರೂ ಭಾನುವಾರ ಹೋಟೆಲಿಗೆ ಹೋದೆವು. ಹೋಗೋಣವೆಂದು ಹಠ ಹಿಡಿದವಳು ನಾನೇ. ಹನ್ನೆರಡೂವರೆಯವರೆಗೆ ಬಾಗಿಲಿನಲ್ಲಿ ಕಂಡ ಪ್ರತಿ ಗಂಡಸಿನ ಮುಖ ನೋಡಿದೆ. ಅವನ ಫೋನು ಮೊದಲು ರಿಂಗಾಯಿತು, ಆಮೇಲೆ ಸ್ವಿಚ್ ಆಫ್. ಕೊನೆಗೊಂದು ಮೆಸೇಜು ಬಂತು: ‘ನಿನ್ನಂಥವಳಿಗೆ ಗಂಡು ಸಿಕ್ಕುವುದಿಲ್ಲ.’ ಅದರ ಬೆನ್ನಿಗೇ ಬ್ಲಾಕ್ ಮಾಡಿದ.

ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದು ಆ್ಯಪ್‌ನವರಿಗೆ ದೂರು ಕಳಿಸಿದೆ. ಕೆಲವು ದಿನಗಳಲ್ಲಿ ಅವನ ಪ್ರೊಫೈಲ್ ಕಾಣೆಯಾಯಿತು. ಅವನು ಯಾರು, ಹೆಂಡತಿ ಮಕ್ಕಳಿದ್ದವನೋ ಏನೋ, ಇಂದಿಗೂ ತಿಳಿಯದು.

ಆ ಭಾನುವಾರ ಹೋಟೆಲಿನಲ್ಲಿ ಅಮ್ಮ ಬುದ್ಧಿ ಹೇಳಲಿಲ್ಲ. ಇನ್ನೊಂದು ಪ್ಲೇಟ್ ಗೋಳಿಬಜೆ ತರಿಸಿ ನನ್ನ ಮುಂದೆ ಸರಿಸಿದಳು. ತಿನ್ನುತ್ತಲೇ ಅತ್ತುಬಿಟ್ಟೆ. ಅವನಿಗಾಗಿ ಅಲ್ಲ, ಗೊತ್ತಿದ್ದೂ ಎರಡು ತಿಂಗಳು ಕೇಳದೆ ಕೂತ ನನ್ನ ಮೇಲಿನ ಸಿಟ್ಟಿಗೆ.