ಮೂರನೆಯ ಗೀರು

ಮೈಸೂರು ರಾಜ್ಯ ದೊಡ್ಡದಾದ ವರ್ಷ, ಮಾಗಡಿ ರಸ್ತೆಯ ನಮ್ಮ ಮದರಸಾದಲ್ಲಿ ಅರಬ್ಬಿ ಮೌಖಿಕ ಪರೀಕ್ಷೆಯ ತಪ್ಪುಗಳನ್ನು ಗೀರು ಹಾಕಿ ಎಣಿಸುವ ಕೆಲಸ ನನ್ನದಾಗಿತ್ತು. ದಿನಚರಿ ಬರೆಯುವವನೆಂದು ಗುರುಗಳು ನನ್ನನ್ನೇ ಆರಿಸಿದ್ದರು. ಮೂರು ಗೀರು ಬಿದ್ದವನಿಗೆ ಮೇಲಿನ ತರಗತಿ ಇಲ್ಲ. ನನ್ನ ಗೆಳೆಯನಿಗಾದರೆ ಮರುದಿನದಿಂದಲೇ ತಂದೆಯ ಹೊಲಿಗೆ ಅಂಗಡಿ.

ಅಂದು ಗೆಳೆಯನ ಸರದಿ. ಗುರುಗಳು ಬಣ್ಣದ ಪುಲ್ಲಿಂಗ ರೂಪ ಹೇಳುತ್ತಿದ್ದರು. ಅವನು ಸ್ತ್ರೀಲಿಂಗ, ಬಹುವಚನ ಹೇಳಬೇಕು. ಕೆಂಪಿನ ‘ಅಹ್ಮರ್’ಗೆ ‘ಹಮ್ರಾ, ಹುಮ್ರ್’ ಸರಿಯಾಗಿ ಬಂತು. ಹಳದಿಯ ‘ಅಸ್ಫರ್’ಗೆ ‘ಸಫ್ರಾ’ ಎನ್ನುವ ಬದಲು ‘ಅಸ್ಫರಾ’ ಎಂದ. ಒಂದು ಗೀರು ಹಾಕಿದೆ. ಹಸಿರಿನ ಬಹುವಚನ ಮರೆತ. ಎರಡಾಯಿತು.

ಕೊನೆಯದು ಬಿಳಿ.

“ಅಬ್ಯದ್,” ಎಂದರು ಗುರುಗಳು.

“ಬೈದಾ,” ಎಂದು ಗೆಳೆಯ ತಡವರಿಸಿದ. “ಬೂದ್.”

ಉಳಿದ ಬಣ್ಣಗಳ ಜಾಡಿನಲ್ಲೇ ಹೋಗಿದ್ದ. ಬಿಳಿಯಲ್ಲಿ ಆ ಊಕಾರ ಈಕಾರವಾಗಿ ‘ಬೀದ್’ ಆಗಬೇಕು. ಗೀರು ಬೀಳುವ ಮೊದಲೇ ತಿದ್ದಿಕೊಂಡರೆ ತಪ್ಪಲ್ಲವೆಂಬುದು ನಿಯಮ. ನನ್ನ ನಿಬ್ಬಿನಲ್ಲಿ ಮಸಿ ಇತ್ತು. ಆದರೂ ಕುಡಿಕೆಗೆ ಅದ್ದಿದೆ, ಅಂಚಿಗೆ ಒರೆಸಿದೆ, ಮತ್ತೆ ಅದ್ದಿದೆ.

“ಏನಯ್ಯಾ, ಬಾವೀಲಿ ನೀರು ಸೇದ್ತಾ ಇದೀಯಾ?” ಗುರುಗಳು ನನ್ನತ್ತ ತಿರುಗಿದರು.

“ಬೀದ್, ಹಜ್ರತ್,” ಎಂದ ಗೆಳೆಯ.

“ಒಟ್ಟು ಎಷ್ಟಾಯ್ತು?”

“ಎರಡು, ಹಜ್ರತ್,” ಎಂದೆ.

ನನ್ನ ನಿಬ್ಬಿನಿಂದ ಹಾಳೆಯ ಮೇಲೆ ಮಸಿ ತೊಟ್ಟಿಕ್ಕುತ್ತಿತ್ತು. ಗುರುಗಳು ಅದನ್ನೇ ನೋಡಿದರು.

“ಅವನು ಮೇಲಿನ ಕ್ಲಾಸಿಗೆ ಹೋಗ್ಲಿ,” ಎಂದರು. “ನೀನು ನಾಳೆಯಿಂದ ಪೆನ್ಸಿಲ್ ತಗೊಂಡ್ ಬಾ.”