ಬರೆಯದೆ ಬಿಟ್ಟ ಒಂದು ನಿಮಿಷ

ತೊಂಬತ್ತರ ದಶಕದಲ್ಲಿ ನಾನು ಗುಬ್ಬಿಯಿಂದ ತುಮಕೂರಿಗೆ ರೈಲಿನಲ್ಲಿ ಡಿಗ್ರಿ ಓದಲು ಹೋಗುತ್ತಿದ್ದೆ. ನಮ್ಮ ಕಾಲೇಜಿನಿಂದ ಚರ್ಚಾಸ್ಪರ್ಧೆಗೆ ಯಾರೇ ಹೋಗಲಿ, ಭಾಷಣ ಬರೆದುಕೊಡುತ್ತಿದ್ದವರು ಕನ್ನಡ ಮೇಷ್ಟ್ರು. ಅದನ್ನು ಬಾಯಿಪಾಠ ಮಾಡಿ ಒಪ್ಪಿಸುವುದಷ್ಟೇ ನಮ್ಮ ಕೆಲಸ.

ಆ ವರ್ಷ ಕುಣಿಗಲ್‌ನ ಕಾಲೇಜೊಂದರಲ್ಲಿ ಸ್ಪರ್ಧೆ. ವಿಷಯ: ‘ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕಾಲೇಜು ಬೇಕು.’ ತಂಡದಲ್ಲಿ ಇಬ್ಬರು, ಒಬ್ಬರು ಪರ, ಒಬ್ಬರು ವಿರೋಧ. ಮೇಷ್ಟ್ರು ನನ್ನ ತಲೆಯ ಮೇಲಿನ ದುಪಟ್ಟಾ ನೋಡಿ, ಕೇಳದೆಯೇ ನನ್ನನ್ನು ಪರಕ್ಕೆ ಹಾಕಿದರು. ನಾನು ವಿರೋಧ ಮಾತಾಡುತ್ತೇನೆ ಎಂದೆ. ಅಮೃತೂರಿನಿಂದ ಬರುತ್ತಿದ್ದ ನನ್ನ ಜೊತೆಗಾರ, “ಆಯ್ತು ಸರ್, ನಾನೇ ಪರ ಮಾತಾಡ್ತೀನಿ ಬುಡಿ” ಎಂದು ಒಪ್ಪಿಕೊಂಡ.

ಎರಡು ದಿನದಲ್ಲಿ ಮೇಷ್ಟ್ರ ನಾಲ್ಕು ಪುಟ ನನ್ನ ಕೈಗೆ ಬಂತು. ಉಪಮೆಗಳೇ ತುಂಬಿದ್ದವು, ಸರಿಯಾಗಿ ಐದು ನಿಮಿಷ.

“ಸರ್, ಐದು ನಿಮಿಷಾನೂ ಇದನ್ನೇ ಹೇಳಿದ್ರೆ, ಅವ್ರು ಹೇಳಿದ್ದಕ್ಕೆ ಯಾವಾಗ ಉತ್ತರ ಕೊಡ್ಲಿ?”

“ಉತ್ತರ ಕೊಡೋಕೆ ನೀನೇನ್ ಲಾಯರೇನಮ್ಮಾ? ಬರ್ದಿರೋದು ಹೇಳು.”

ನಾನು ಹೇಳಲಿಲ್ಲ. ನನ್ನದನ್ನು ನಾನೇ ಒಂದು ಚೀಟಿಯಲ್ಲಿ ಬರೆದೆ. ಮೊದಲ ಅರ್ಧ ನಿಮಿಷದಲ್ಲಿ ನನ್ನ ನಿಲುವು, ಮತ್ತು ನಾನು ಯಾವ ದಾರಿಯಲ್ಲಿ ಹೋಗುತ್ತೇನೆ ಎಂಬುದು: “ಮೂರು ಮಾತು ಹೇಳುತ್ತೇನೆ. ಮೊದಲನೆಯದು ದೂರ, ಎರಡನೆಯದು ಭಯ, ಮೂರನೆಯದು ಹಕ್ಕು.” ಒಂದೊಂದಕ್ಕೆ ಒಂದು ನಿಮಿಷ, ಕೊನೆಗೆ ಅರ್ಧ ನಿಮಿಷ. ಉಳಿದ ಒಂದು ನಿಮಿಷಕ್ಕೆ ಏನೂ ಬರೆಯಲಿಲ್ಲ. ಎದುರಾಳಿ ಎಲ್ಲಿ ಹೊಡೆಯುತ್ತಾರೋ ಗೊತ್ತಿಲ್ಲದ ಕಾರಣ, ಪ್ರತಿ ಮಾತಿನ ಕೆಳಗೂ ಎರಡು ಗೆರೆ ಖಾಲಿ ಬಿಟ್ಟೆ. ತುಂಬುವುದು, ಅವರು ಹೊಡೆದ ಒಂದೇ ಕಡೆ.

ಅಬ್ಬಾ ಗುಬ್ಬಿ ಪೇಟೆಯಲ್ಲಿ ಟೈಲರ್. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಅವರ ಮುಂದೆ ನಿಂತು ಒಪ್ಪಿಸಿದೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ.

“ಮೂರು ಅಂದೆ. ಎರಡನೇದು ಯಾವಾಗ ಶುರುವಾಯ್ತು ಅಂತ್ಲೇ ಗೊತ್ತಾಗ್ಲಿಲ್ಲ ಕಣಮ್ಮ” ಎಂದರು ಅಬ್ಬಾ.

ಅಂದಿನಿಂದ ಪ್ರತಿ ತಿರುವಿನಲ್ಲೂ “ದೂರದ ಮಾತು ಮುಗಿಯಿತು, ಈಗ ಭಯಕ್ಕೆ ಬರುತ್ತೇನೆ” ಎಂದು ಬಾಯಿಬಿಟ್ಟು ಹೇಳತೊಡಗಿದೆ.

ಕುಣಿಗಲ್ ಬಸ್ಸು ಹೆಬ್ಬೂರು ದಾಟಿದಾಗ ಮೇಷ್ಟ್ರಿಗೆ ಅವರ ನಾಲ್ಕು ಪುಟ ವಾಪಸ್ ಕೊಟ್ಟೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ನನಗಿಂತ ಮುಂಚೆ ಪರವಾಗಿ ಮಾತಾಡಿದ್ದು ಆ ಕಾಲೇಜಿನದೇ ಹುಡುಗಿ. “ನನ್ನ ಅಕ್ಕನನ್ನು ಹತ್ತನೇ ಕ್ಲಾಸಿಗೇ ಬಿಡಿಸಿದರು, ಹುಡುಗರ ಜೊತೆ ಓದುವುದು ಬೇಡ ಅಂತ. ಪ್ರತ್ಯೇಕ ಕಾಲೇಜು ಇದ್ದಿದ್ದರೆ ಅವಳು ಇವತ್ತು ಓದುತ್ತಿದ್ದಳು. ವಿರೋಧಿಸುವವರು ಅವಳಿಗೆ ಉತ್ತರ ಕೊಡಲಿ” ಎಂದಳು. ಸಭೆ ಚಪ್ಪಾಳೆ ತಟ್ಟಿತು. ‘ಭಯ’ದ ಕೆಳಗಿನ ಖಾಲಿ ಗೆರೆಯಲ್ಲಿ ಪೆನ್ಸಿಲಿನಿಂದ ‘ಅಕ್ಕ’ ಎಂದಷ್ಟೇ ಬರೆದುಕೊಂಡೆ.

ವೇದಿಕೆಯಲ್ಲಿ ನನ್ನ ಮೂರು ಮಾತು ಯಾವುವೆಂದು ಹೇಳಿ, “ಆದರೆ ಆ ಅಕ್ಕನನ್ನು ದಾಟಿ ನಾನು ಮುಂದೆ ಹೋಗಲಾರೆ. ಆದ್ದರಿಂದ ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ” ಎಂದೆ. “ಅವರ ನೋವು ನಿಜ. ಆದರೆ ಪ್ರತ್ಯೇಕ ಕಾಲೇಜಿಗೂ ಹೋಗಬೇಕಾದದ್ದು ಅದೇ ಬಸ್ಸಿನಲ್ಲಿ, ಅದೇ ರಸ್ತೆಯಲ್ಲಿ. ಅಲ್ಲಿ ಭಯ ಹುಟ್ಟಿಸುವವನನ್ನು ಯಾರೂ ಪ್ರತ್ಯೇಕ ಮಾಡುವುದಿಲ್ಲ. ಪಕ್ಕಕ್ಕೆ ಸರಿಯಬೇಕಾದವಳು ಮತ್ತೆ ಹುಡುಗಿಯೇ. ನಾನು ಸರಿಯುವುದಿಲ್ಲ.” ಕೊನೆಯ ವಾಕ್ಯ ಚೀಟಿಯಲ್ಲಿ ಇರಲಿಲ್ಲ. ಆಮೇಲೆ ದೂರದ ಮಾತಿಗೆ ಬಂದೆ: ಊರಲ್ಲೇ ಇರುವ ಕಾಲೇಜು ಬಿಟ್ಟು, ಎಲ್ಲೋ ಇರುವ ಹೆಣ್ಣುಮಕ್ಕಳ ಕಾಲೇಜಿಗೆ ಹೋಗೆಂದರೆ ಎಷ್ಟು ಮನೆಯವರು ಕಳಿಸುತ್ತಾರೆ? ಅಷ್ಟರಲ್ಲಿ ಎಚ್ಚರಿಕೆಯ ಬೆಲ್ ಆಯಿತು. ಹಕ್ಕಿನ ಮಾತನ್ನು ಎರಡೇ ವಾಕ್ಯಕ್ಕೆ ಇಳಿಸಿ ಮುಗಿಸಿದೆ.

ನನಗೆ ಮೂರನೇ ಬಹುಮಾನ. ಶೀಲ್ಡ್ ಬೇರೆ ಕಾಲೇಜಿಗೆ ಹೋಯಿತು. ಚೀಟಿ ನೋಡಿದ್ದಕ್ಕೆ ಅಂಕ ಕಳೆದೆವು ಎಂದರು ತೀರ್ಪುಗಾರರೊಬ್ಬರು.

“ನಾನ್ ಬರ್ದಿದ್ದು ಹೇಳಿದ್ರೆ ಶೀಲ್ಡ್ ಬರ್ತಿತ್ತು” ಎಂದರು ಮೇಷ್ಟ್ರು.

“ಬರ್ತಿತ್ತೇನೋ ಸರ್. ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಅದ್ರಲ್ಲಿ ಇರ್ಲಿಲ್ಲ.”

ಆ ಹುಡುಗಿ ಬಸ್ ಸ್ಟ್ಯಾಂಡಿನವರೆಗೂ ನಮ್ಮ ಜೊತೆಯೇ ಬಂದಳು. “ನೀನ್ ಹೇಳಿದ್ದು ಚೆನ್ನಾಗಿತ್ತು ಕಣೇ. ಆದ್ರೆ ಅಕ್ಕನ್ನ ಕಳ್ಸೋಕೆ ನಮ್ಮಪ್ಪ ಒಪ್ಪಲ್ಲ, ನನ್ನನ್ನೇ ಅಮ್ಮ ಹಠ ಮಾಡಿ ಕಳಿಸ್ತಿರೋದು. ಆಗ?” ಎಂದಳು. ಬಸ್ಸು ಬರುವವರೆಗೂ ಇಬ್ಬರೂ ನಿಂತು ವಾದಿಸಿದೆವು.

ಮುಂದಿನ ವರ್ಷ ಸ್ಪರ್ಧೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ನಾನು ಸ್ಟಾಫ್ ರೂಮಿಗೆ ಹೋಗಿ, ಎಲ್ಲರೆದುರು ಕಾರಣ ಕೇಳಿದೆ. ಮೇಷ್ಟ್ರು ಪೆನ್ನು ತೆಗೆದು ಹೆಸರು ಸೇರಿಸಿದರು. ಭಾಷಣ ಬರೆದುಕೊಡಲಿಲ್ಲ.